ಮೇಷ್ಟರ ಅಲಾರಂ ಮತ್ತು ಮುಂದೂಡಿದ ಹತ್ತು ನಿಮಿಷ

ಮಾನ್ಯ ಸಂಪಾದಕರೇ,

‘ಕೊನೆ ಮೊದಲೇ ಗೊತ್ತಾಗುತ್ತದೆ’ ಎಂಬ ಒಂದೇ ಸಾಲು ಬರೆದು ನನ್ನ ಕತೆಯನ್ನು ಹಿಂದಿರುಗಿಸಿದ್ದೀರಿ. ನಿವೃತ್ತ ಮೇಷ್ಟರೊಬ್ಬರು ಹಳೆಯ ಗೆಳೆಯನಿಗೆ ದಿನವೂ ಸಂಜೆ ಏಳಕ್ಕೆ ಕರೆ ಮಾಡಲು ಮೊಬೈಲಿನಲ್ಲಿ ರಿಮೈಂಡರ್ ಇಟ್ಟುಕೊಳ್ಳುತ್ತಾರೆ. ಗೆಳೆಯ ತೀರಿಕೊಂಡ ದಿನವೂ ಅದು ಹೊಡೆದುಕೊಳ್ಳುತ್ತದೆ. ಮನೆಯವರೆಲ್ಲ ಓದಿ ಕಣ್ಣೊರೆಸಿಕೊಂಡರು. ಹಾಗಾದರೆ ಕೊನೆಯೊಂದನ್ನು ಬದಲಾಯಿಸಿದರೆ ಸಾಕೇ? ಇನ್ನೇನಾದರೂ ಕೊರತೆ ಇದೆಯೇ?

ಒಬ್ಬ ಓದುಗ

ಪ್ರಿಯ ಓದುಗರೇ,

ಕೊನೆಯೊಂದನ್ನೇ ಬದಲಾಯಿಸಿದರೆ ಸಾಲದು. ಅದು ಮೊದಲೇ ಗೊತ್ತಾಗುವುದಕ್ಕೆ ಕಾರಣ ಎರಡನೆಯ ಪುಟದಲ್ಲಿದೆ. ರಿಮೈಂಡರ್ ಇಟ್ಟ ಮೇಲೆ ಕತೆಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಹೊಡೆಯುತ್ತದೆ, ಮೇಷ್ಟರು ಕರೆ ಮಾಡುತ್ತಾರೆ, ಇಬ್ಬರೂ ನಗುತ್ತಾರೆ. ಕೆಲಸವಿಲ್ಲದ ವಸ್ತುವನ್ನು ಕತೆಗಾರ ಪುಟಗಟ್ಟಲೆ ಹೊತ್ತು ತಂದರೆ ಅದನ್ನು ಕೊನೆಗೆ ಯಾವುದಕ್ಕೋ ಕಾಯ್ದಿರಿಸಿದ್ದಾನೆ ಎಂದು ಓದುಗನಿಗೆ ವಾಸನೆ ಹತ್ತುತ್ತದೆ. ದಿನವೂ ಹೊಡೆಯುವ ಗಂಟೆಗೆ ಸಾವಿಗಿಂತ ಸುಲಭದ ಕೊನೆ ಇನ್ನೊಂದಿಲ್ಲ.

ನಿಮ್ಮ ಮೇಷ್ಟರಿಗೆ ಮರೆವಿಲ್ಲ. ಮೂವತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳ ಹಾಜರಿ ಸಂಖ್ಯೆಯನ್ನೂ ಹೇಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದಮೇಲೆ ಗೆಳೆಯನಿಗೆ ಕರೆ ಮಾಡಲು ರಿಮೈಂಡರ್ ಏಕೆ ಬೇಕಾಯಿತು? ಕತೆ ಈ ಪ್ರಶ್ನೆಯ ಹತ್ತಿರವೇ ಸುಳಿಯುವುದಿಲ್ಲ. ಮನುಷ್ಯ ಮರೆಯುವುದಕ್ಕೆ ಮಾತ್ರ ರಿಮೈಂಡರ್ ಇಟ್ಟುಕೊಳ್ಳುವುದಿಲ್ಲ, ಮಾಡಲು ಮನಸ್ಸಿಲ್ಲದ್ದಕ್ಕೂ ಇಟ್ಟುಕೊಳ್ಳುತ್ತಾನೆ. ನನಗೆ ಕಂಡಂತೆ ನಿಮ್ಮ ಮೇಷ್ಟರಿಗೆ ಆ ಕರೆ ಭಾರ. ಗೆಳೆಯ ಫೋನಿನಲ್ಲಿ ಒಂದೇ ದೂರನ್ನು ಹೇಳಿದ್ದನ್ನೇ ಹೇಳುತ್ತಾನೆ ಎಂದು ನೀವು ಮೂರನೆಯ ಪುಟದಲ್ಲಿ ಬಾಯಿ ತಪ್ಪಿ ಹೇಳಿ, ಮುಂದಿನ ಸಾಲಿನಲ್ಲೇ ‘ಆದರೂ ಮೇಷ್ಟರಿಗೆ ಅದೇ ಸಂತೋಷ’ ಎಂದು ಬಾಗಿಲು ಹಾಕಿದ್ದೀರಿ. ಆ ಎರಡನೆಯ ಸಾಲನ್ನು ಹೊಡೆದುಹಾಕಿ. ಪ್ರೀತಿಯಿದ್ದೂ ಬೇಸರವಾಗುವ ಸ್ನೇಹ ಕತೆಗೆ ಒದಗುತ್ತದೆ. ಪ್ರೀತಿ ಮಾತ್ರ ಇರುವ ಸ್ನೇಹಕ್ಕೆ ಶುಭಾಶಯ ಪತ್ರ ಸಾಕು.

ಈಗ ಆ ಯಂತ್ರದ ವಿಷಯಕ್ಕೆ ಬರೋಣ. ಮೊದಲ ಪುಟದಲ್ಲಿ ಮೇಷ್ಟರು ಕ್ಯಾಲೆಂಡರ್ ತೆರೆದು ‘ದಿನವೂ’ ಎಂದು ಆರಿಸುತ್ತಾರೆ. ಕೊನೆಯ ಪುಟದಲ್ಲಿ, ಸಾವಿನ ಮನೆಯಲ್ಲಿ, ಸೈಲೆಂಟ್‌ಗೆ ಹಾಕಿದ ಫೋನು ‘ನಿಲ್ಲದೆ ಹೊಡೆದುಕೊಳ್ಳುತ್ತದೆ’. ಹಾಗಾಗುವುದಿಲ್ಲ. ಕ್ಯಾಲೆಂಡರಿನ ರಿಮೈಂಡರ್ ಸಾಮಾನ್ಯವಾಗಿ ಒಮ್ಮೆ ಸದ್ದು ಮಾಡಿ ಪರದೆಯ ಮೇಲೆ ಒಂದು ಸಾಲಾಗಿ ಉಳಿಯುತ್ತದೆ. ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ನಾಳೆಯವರೆಗೆ ಸುದ್ದಿಯಿಲ್ಲ. ಫೋನು ಸೈಲೆಂಟ್‌ನಲ್ಲಿದ್ದರೆ ಆ ಒಂದು ಸದ್ದೂ ಇರುವುದಿಲ್ಲ. ಹಟ ಹಿಡಿದು ಹೊಡೆಯುವುದು ಗಡಿಯಾರದ ಅಲಾರಂ. ಸಾಮಾನ್ಯವಾಗಿ ಸೈಲೆಂಟ್‌ನಲ್ಲಿದ್ದರೂ ಅದು ಕೂಗುತ್ತದೆ, ನಿಲ್ಲಿಸುವವರೆಗೆ ಅಥವಾ ಅದಕ್ಕೇ ಸಾಕಾಗುವವರೆಗೆ.

ಇದನ್ನು ಬರೀ ತಪ್ಪು ಹುಡುಕುವುದಕ್ಕಾಗಿ ಹೇಳುತ್ತಿಲ್ಲ. ಅಲಾರಂ ಆರಿಸಿಕೊಂಡರೆ ನಿಮಗೆ ‘ನಿಲ್ಲಿಸು’ ಎಂಬುದರ ಪಕ್ಕದಲ್ಲಿ ‘ಮುಂದೂಡು’ ಎಂಬ ಇನ್ನೊಂದು ಗುಂಡಿ ಸಿಗುತ್ತದೆ. ನಿಮ್ಮ ಕತೆಗೆ ಬೇಕಾಗಿರುವುದು ಆ ಗುಂಡಿ. ಏಳಕ್ಕೆ ಹೊಡೆಯುತ್ತದೆ, ಮೇಷ್ಟರು ಪತ್ರಿಕೆಯ ಪುಟ ಮುಗಿಸಬೇಕೆಂದು ಮುಂದೂಡುತ್ತಾರೆ. ಏಳು ಹತ್ತಕ್ಕೆ ಮತ್ತೆ ಹೊಡೆಯುತ್ತದೆ, ಆಗಲೇ ಓದಿದ ಪುಟವನ್ನೇ ಹಿಡಿದುಕೊಂಡು ಮತ್ತೆ ಮುಂದೂಡುತ್ತಾರೆ. ಏಳು ಇಪ್ಪತ್ತಕ್ಕೂ ಅದೇ. ಅವರಿಗೆ ಬೇಸರ, ಬೇಸರದ ಬಗ್ಗೆ ನಾಚಿಕೆ, ಇವೆರಡನ್ನೂ ನೀವು ಎಲ್ಲಿಯೂ ಹೇಳಬೇಕಾಗಿಲ್ಲ, ಬೆರಳು ಹೇಳುತ್ತದೆ. ಏಳೂವರೆಗೆ ಕರೆ ಮಾಡಿದಾಗ ಗೆಳೆಯ ಮೊದಲ ರಿಂಗಿಗೇ ಎತ್ತಿ, ‘ಇವತ್ತು ತಡವಾಯಿತಲ್ಲ’ ಎನ್ನಲಿ. ಆ ಮಾತಿನಿಂದ ಅವನು ಫೋನಿನ ಪಕ್ಕದಲ್ಲೇ ಕುಳಿತಿದ್ದನೆಂದು ತಿಳಿಯುತ್ತದೆ. ಕತೆ ಅಲ್ಲಿಂದ ಕಾಲೂರುತ್ತದೆ.

ಇನ್ನು ನಿಮ್ಮ ಕ್ರಿಯಾಪದಗಳು. ಕತೆಯ ನಡುಭಾಗವೆಲ್ಲ ‘ಕರೆ ಮಾಡುತ್ತಿದ್ದರು, ವಿಚಾರಿಸುತ್ತಿದ್ದರು, ನಗುತ್ತಿದ್ದರು’ ಎಂದೇ ಸಾಗುತ್ತದೆ. ಹಲವು ಸಲ ನಡೆದದ್ದನ್ನು ಒಮ್ಮೆ ಹೇಳುವುದು, ಒಮ್ಮೆ ನಡೆದದ್ದನ್ನು ಒಮ್ಮೆ ಹೇಳುವುದು ಬೇರೆಬೇರೆ ಎಂದು ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲೇ ವಿಂಗಡಿಸಿ ತೋರಿಸಿದ. ದಿನಚರಿಯ ಕತೆ ಬರೆಯುವವರಿಗೆ ಈ ವಿಂಗಡಣೆ ತುಂಬಾ ಉಪಯೋಗಕ್ಕೆ ಬರುತ್ತದೆ. ‘ಮಾಡುತ್ತಿದ್ದರು’ ಎಂದಾಗ ಓದುಗನಿಗೆ ಸಾರಾಂಶ ಸಿಗುತ್ತದೆ, ಯಾವ ಸಂಜೆಯೂ ಕಣ್ಣಿಗೆ ಬರುವುದಿಲ್ಲ. ಅಭ್ಯಾಸವನ್ನು ಒಂದೇ ಪ್ಯಾರಾದಲ್ಲಿ ಹೇಳಿ ಮುಗಿಸಿ, ನಂತರ ‘ಆ ಮಂಗಳವಾರ’ ಎಂದು ಒಂದು ದಿನವನ್ನು ಕಿತ್ತು ತೆಗೆಯಿರಿ. ಅಲ್ಲಿಂದ ‘ಮಾಡಿದರು, ಕೇಳಿದರು, ಸುಮ್ಮನಾದರು’. ಅಭ್ಯಾಸ ಗಟ್ಟಿಯಾಗಿ ಕುಳಿತಿದ್ದರಷ್ಟೇ ಅದು ತಪ್ಪಿದ ದಿನ ಓದುಗನಿಗೆ ತಟ್ಟುತ್ತದೆ. ಆದ್ದರಿಂದ ಆ ಒಂದು ಪ್ಯಾರಾವನ್ನು ಪೂರ್ತಿ ಬಿಡುವಂತೆಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಗೆಳೆಯನದು. ಅವನು ನಿಮ್ಮ ಕತೆಯಲ್ಲಿ ಫೋನೆತ್ತುವುದಕ್ಕೂ ಸಾಯುವುದಕ್ಕೂ ಮಾತ್ರ ಇದ್ದಾನೆ. ದಿನವೂ ಕರಾರುವಾಕ್ಕಾಗಿ ಏಳಕ್ಕೆ ಫೋನು ಬರುತ್ತಿದ್ದರೆ ಎಂಥವನಿಗೂ ಅನುಮಾನ ಬರುವುದಿಲ್ಲವೇ? ಒಂದು ದಿನ ಅವನು ಕೇಳಿಬಿಡಲಿ: ‘ನಿಜ ಹೇಳು, ನೀನು ಗಂಟೆ ಇಟ್ಟುಕೊಂಡು ನನಗೆ ಫೋನು ಮಾಡುತ್ತೀಯೋ?’ ಈ ಸಾಲು ಬಂದ ಮೇಲೆ ಮೇಷ್ಟರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸುಳ್ಳು ಹೇಳಬಹುದು. ರೇಗಬಹುದು. ‘ಮೂವತ್ತೈದು ವರ್ಷ ಗಂಟೆ ಹೊಡೆದ ಮೇಲೆಯೇ ತರಗತಿಗೆ ಹೋದವನಪ್ಪಾ ನಾನು, ಪಾಠವೇನು ಕೆಟ್ಟಿತ್ತೇ?’ ಎಂದು ತಮಾಷೆಗೆ ತಿರುಗಿಸಬಹುದು. ನಾನಾದರೆ ಮೂರನೆಯದನ್ನು ಆರಿಸಿ, ಗೆಳೆಯ ನಗದೇ ಇರುವಂತೆ ಬರೆಯುತ್ತಿದ್ದೆ. ನಿಮಗೆ ಬೇರೆ ಹೊಳೆದರೆ ಅದೇ ಸರಿ. ಮೇಷ್ಟರನ್ನು ಬಲ್ಲವರು ನೀವು.

ಗೆಳೆಯ ಸಾಯಲೇಬೇಕೆಂದು ನಿಮಗೆ ತೋರಿದರೆ ನನ್ನ ಆಕ್ಷೇಪವಿಲ್ಲ, ಆದರೆ ಕೊನೆಯ ಪುಟದಲ್ಲಿ ಬೇಡ. ನಡುವಿನಲ್ಲಿ ಸತ್ತರೆ ಮರುದಿನ ಏಳಕ್ಕೆ ಮೇಷ್ಟರು ಏನಾದರೂ ಮಾಡಲೇಬೇಕಾಗುತ್ತದೆ: ಅಲಾರಂ ಅಳಿಸಬೇಕು, ಇಲ್ಲವೇ ತಾತ್ಕಾಲಿಕವಾಗಿ ಆರಿಸಿಡಬೇಕು, ಇಲ್ಲವೇ ಆ ಹೊತ್ತಿಗೆ ಇನ್ನಾರಿಗಾದರೂ ಕರೆ ಮಾಡಬೇಕು. ಕತೆಗಾರನಿಗೂ ಆಗ ಕೆಲಸ ಉಳಿಯುತ್ತದೆ. ಸಾವಿನ ಮುಂದೆ ಅಲಾರಂ ಹೊಡೆಸಿ ಪೂರ್ಣವಿರಾಮ ಇಡುವುದು ಓದುಗನನ್ನು ಅಳಿಸಬಲ್ಲದು, ನಿಮ್ಮ ಮನೆಯವರ ವಿಷಯದಲ್ಲಿ ಅದು ರುಜುವಾತಾಗಿದೆ. ಆದರೆ ಅವರು ಅತ್ತದ್ದು ಸಾವಿಗೆ. ನಿಮ್ಮ ಮೇಷ್ಟರು ಅವರಿಗೆ ಇನ್ನೂ ಪರಿಚಯವೇ ಆಗಿಲ್ಲ.

ಹೊಗಳಿಕೆಗೆ ಅರ್ಹವಾದದ್ದು ಒಂದಿದೆ. ರಿಮೈಂಡರಿಗೆ ಹೆಸರು ಕೊಡುವಾಗ ಮೇಷ್ಟರು ‘ಅವನಿಗೆ ಕರೆ ಮಾಡುವುದು’ ಎಂದು ಟೈಪು ಮಾಡಿ, ಕನ್ನಡಕ ಒರೆಸಿ, ಮತ್ತೆ ತೆರೆದು ಕೊನೆಗೊಂದು ಪೂರ್ಣವಿರಾಮ ಹಾಕುತ್ತಾರೆ. ಆ ಮನುಷ್ಯ ಆ ಒಂದು ಚುಕ್ಕಿಯಲ್ಲಿ ಪೂರ್ತಿ ಕಂಡ. ಅಷ್ಟು ನೋಡಬಲ್ಲವರು ಉಳಿದ ಪುಟಗಳಲ್ಲಿ ‘ಹೃದಯ ಭಾರವಾಯಿತು’, ‘ಕಣ್ಣು ತೇವವಾಯಿತು’ ಎಂದು ಏಕೆ ಬರೆಯುತ್ತೀರೋ ತಿಳಿಯದು.

ತಿದ್ದುವಾಗ ಬೀಳ್ಕೊಡುಗೆ ಸಮಾರಂಭದ ಎರಡು ಪುಟವನ್ನು ಪೂರ್ತಿ ತೆಗೆಯಿರಿ. ಮೇಷ್ಟರು ನಿವೃತ್ತರೆಂಬುದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ, ಹಾರ ತುರಾಯಿ ಬೇಕಾಗಿಲ್ಲ. ಹಾಗೆ ಉಳಿದ ಜಾಗವನ್ನು ಗೆಳೆಯ ಪ್ರಶ್ನೆ ಕೇಳುವ ಸಂಜೆಗೆ ಕೊಡಿ. ಹೊಸ ಕರಡು ಸಿದ್ಧವಾದಾಗ ಕಳುಹಿಸಿ, ಅವಸರವಿಲ್ಲ. ಲಕೋಟೆಯ ಮೇಲೆ ‘ತಿದ್ದಿದ ಪ್ರತಿ’ ಎಂದು ಬರೆದರೆ ಹೊಸ ಕತೆಗಳ ರಾಶಿಗೆ ಸೇರದೆ ನೇರವಾಗಿ ನನ್ನ ಮೇಜಿಗೆ ಬರುತ್ತದೆ.

ಸಂಪಾದಕ