ಫ್ಲಾಂಜ್ ಡ್ರಾಯಿಂಗಿನಲ್ಲಿ ಡೇಟಮ್ ಎಲ್ಲಿಗೆ?

"ವಸಂತನರಸಾಪುರದಲ್ಲಿ ಕೆಲಸ. ಫ್ಲಾಂಜಿನ ಬೋರ್‌ಗೆ ಡೇಟಮ್ ಎ ಕೊಟ್ಟು, ಎಂ8 ಬೋಲ್ಟಿನ ನಾಲ್ಕು ತೂತುಗಳ (9.0–9.2, ಪಿಸಿಡಿ 80) ಸ್ಥಾನಕ್ಕೆ ±0.1 ಹಾಕಿದ್ದೇನೆ. ತಪಾಸಣೆಯವರು ಒಪ್ಪುತ್ತಿಲ್ಲ, ಏಕೆ?"

ಬೋರ್ ಮೊದಲನೆಯ ಡೇಟಮ್ ಆಗಿರುವುದೇ ತೊಡಕು. ಬೋಲ್ಟ್ ಬಿಗಿದಾಗ ಫ್ಲಾಂಜನ್ನು ನಿಲ್ಲಿಸುವುದು ಅದರ ಅಗಲವಾದ ಮುಖ. ಬೋರ್ ಬರಿಯ ಕೇಂದ್ರವನ್ನು ಹಿಡಿಯುತ್ತದೆ. ಆದ್ದರಿಂದ ಮುಖಕ್ಕೆ ಎ ಕೊಟ್ಟು ಫ್ಲಾಟ್‌ನೆಸ್ ಹಾಕಿ, ಬೋರ್‌ಗೆ ಬಿ ಕೊಟ್ಟು ಎ ಗೆ ಲಂಬತೆ ಕೇಳಿ. ಬಿ ಯ ತ್ರಿಕೋನ ವ್ಯಾಸದ ಅಳತೆ ಗೆರೆಗೆ ನೇರವಾಗಿಯೇ ಇರಬೇಕು. ಪಕ್ಕಕ್ಕೆ ಸರಿದರೆ ಅದು ಅಕ್ಷವನ್ನಲ್ಲ, ಮೇಲ್ಮೈಯನ್ನು ಸೂಚಿಸುತ್ತದೆ. ಸೆಂಟರ್ ಲೈನಿಗೆ ಅಂಟಿಸುವುದಂತೂ ಬೇಡವೇ ಬೇಡ.

ಇನ್ನು ತೂತುಗಳು. ±0.1 ಅಳಿಸಿ, 80 ಮತ್ತು 90° ಎರಡನ್ನೂ ಚೌಕದೊಳಗೆ ಬರೆಯಿರಿ; ಅವಕ್ಕೆ ಟಾಲರೆನ್ಸ್ ಇರುವುದಿಲ್ಲ. ಎದುರು ಭಾಗದಲ್ಲಿ ಟ್ಯಾಪ್ ಇದೆ ಎಂದುಕೊಳ್ಳುತ್ತೇನೆ. ಅತಿ ಚಿಕ್ಕ ತೂತು 9, ಬೋಲ್ಟ್ 8, ಉಳಿಯುವುದು 1 ಮಿ.ಮೀ. ಅದನ್ನು ಎರಡು ಭಾಗಗಳೂ ಹಂಚಿಕೊಂಡರೆ ನಿಮ್ಮ ಪಾಲು 0.5. ಚೌಕಟ್ಟಿನಲ್ಲಿ ಪೊಸಿಷನ್ ಚಿಹ್ನೆ, ⌀0.5, ವೃತ್ತದೊಳಗೆ ಎಂ, ಆಮೇಲೆ ಎ, ಬಿ. ಆ ಎಂ ಇದ್ದರೆ, ತೂತು 9.2 ಆದಾಗ ಅದರ ಕೇಂದ್ರಕ್ಕೆ ಸಿಗುವ ವಲಯ ⌀0.7 ವರೆಗೆ ಹಿಗ್ಗುತ್ತದೆ. ±0.1 ರ ಚೌಕದ ಮೂಲೆಯಿಂದ ಮೂಲೆಗೆ ಕೇವಲ 0.28, ಸಲೀಸಾಗಿ ಕೂರುವ ಫ್ಲಾಂಜೂ ಗುಜರಿಗೆ ಹೋಗುತ್ತದೆ. ಟ್ಯಾಪ್ ತೂತು ವಾಲುವ ಸಾಧ್ಯತೆ ಇದ್ದರೆ, ಆ ಭಾಗದ ಡ್ರಾಯಿಂಗಿನಲ್ಲಿ ವೃತ್ತದೊಳಗಿನ ಪಿ ಯನ್ನು ಫ್ಲಾಂಜಿನ ದಪ್ಪದೊಂದಿಗೆ ಸೇರಿಸಿ.