ಬಾಂಡ್ ದುಡ್ಡು ಕಟ್ಟಿ ಹೊರಬರಬಹುದಾ? ಸಹಿ ಹಾಕುವ ಮುಂಚೆ ಏನು ನೋಡಬೇಕು

ಪ್ರಶ್ನೆ: ನನ್ನ ತಂಗಿಗೆ ಸರ್ಕಾರಿ ಕೋಟಾದಲ್ಲಿ ಪಿಜಿ ಮೆಡಿಕಲ್ ಸೀಟು ಸಿಕ್ಕಿದೆ. ಮೂರು ವರ್ಷ ಸೇವೆ, ಬಿಟ್ಟರೆ 20 ಲಕ್ಷ ಅಂತ ಬಾಂಡ್ ಇದೆ. ಬೇಡ ಅನ್ನಿಸಿದರೆ ದುಡ್ಡು ಕಟ್ಟಿ ಹೊರಬರಬಹುದಲ್ವಾ?

ಉತ್ತರ:

ಬಾಂಡ್‌ನಲ್ಲಿ ಹಾಗಂತ ಬರೆದಿದ್ದರೆ ಮಾತ್ರ ಬರಬಹುದು. ಇಂಥ ಪತ್ರ ಹಿಡಿದು ನನ್ನ ಕಚೇರಿಗೆ ಬರುವವರಲ್ಲಿ ಬಹಳ ಜನ 20 ಲಕ್ಷವನ್ನು ಬಿಡುಗಡೆಯ ಬೆಲೆ ಅಂತಲೇ ಓದಿಕೊಂಡಿರುತ್ತಾರೆ. ಪತ್ರದಲ್ಲಿ ಅದು ದಂಡ. ಎರಡಕ್ಕೂ ತುಂಬಾ ವ್ಯತ್ಯಾಸವಿದೆ.

"ಮೂರು ವರ್ಷ ಸೇವೆ ಸಲ್ಲಿಸತಕ್ಕದ್ದು ಅಥವಾ 20 ಲಕ್ಷ ಪಾವತಿಸತಕ್ಕದ್ದು" ಅಂತಿದ್ದರೆ ಆಯ್ಕೆ ಅವಳದ್ದು. "ಸೇವೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ 20 ಲಕ್ಷ ದಂಡ ಪಾವತಿಸುವುದರ ಜೊತೆಗೆ ಇತರ ಕ್ರಮಕ್ಕೂ ಒಳಪಡತಕ್ಕದ್ದು" ಅಂತಿದ್ದರೆ ದುಡ್ಡು ಕಟ್ಟಿದ ಮೇಲೂ ಮೂಲ ಅಂಕಪಟ್ಟಿ, ಎನ್‌ಒಸಿ ತಡೆಹಿಡಿಯಲು ಅವರಿಗೆ ದಾರಿ ಉಳಿಯುತ್ತದೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಮೊತ್ತವನ್ನಲ್ಲ. ಹಣ ಕಟ್ಟಿದರೆ ದಾಖಲೆಗಳನ್ನು ಇಷ್ಟು ದಿನದೊಳಗೆ ಹಿಂದಿರುಗಿಸುತ್ತೇವೆ ಅನ್ನುವ ಸಾಲು ಇದೆಯಾ ನೋಡಿ.

ಆಮೇಲೆ ಲೆಕ್ಕ. ತಂಗಿ ಓದು ಮುಗಿಸಿ ಎರಡು ವರ್ಷ ಸೇವೆ ಮಾಡಿ, ಕೊನೆಯ ವರ್ಷ ಬಿಟ್ಟಳು ಅಂತಿಟ್ಟುಕೊಳ್ಳಿ. ಉಳಿದ ಅವಧಿಗೆ ತಕ್ಕಷ್ಟು ಮಾತ್ರ ದಂಡ ಅಂತ ಷರತ್ತಿದ್ದರೆ ಸುಮಾರು 6.67 ಲಕ್ಷ ಕಟ್ಟಬೇಕು. ಆ ಮಾತೇ ಇಲ್ಲದಿದ್ದರೆ ಎರಡು ವರ್ಷದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ತಿ 20 ಲಕ್ಷವನ್ನೇ ಕೇಳುತ್ತಾರೆ. "ಪಡೆದ ಶಿಷ್ಯವೇತನ ಹಿಂದಿರುಗಿಸತಕ್ಕದ್ದು" ಅಂತ ಇನ್ನೊಂದು ಸಾಲು ಇದ್ದು, ತಿಂಗಳಿಗೆ 50,000 ಸಿಗುತ್ತಿತ್ತು ಅಂದರೆ, ಓದಿದ 36 ತಿಂಗಳಿಗೆ 18 ಲಕ್ಷ ಸೇರುತ್ತದೆ. ದಂಡದ ಮೇಲೆ ಪ್ರವೇಶದ ದಿನದಿಂದ ಶೇ 12ರ ಸರಳ ಬಡ್ಡಿ ಅಂತಿದ್ದರೆ ಐದು ವರ್ಷಕ್ಕೆ ಮತ್ತೆ 12 ಲಕ್ಷ. ಇಪ್ಪತ್ತು ಅಂದುಕೊಂಡಿದ್ದು ಐವತ್ತಾಯಿತು. ಶಿಷ್ಯವೇತನ, ಬಡ್ಡಿದರ ನಾನು ಉದಾಹರಣೆಗೆ ಹಿಡಿದದ್ದು. ನಿಮ್ಮ ಪತ್ರದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಬಡ್ಡಿ ಯಾವ ದಿನದಿಂದ ಅನ್ನೋದು ದರಕ್ಕಿಂತ ಮುಖ್ಯ: ಬಿಟ್ಟ ದಿನದಿಂದ ಅಂತಿದ್ದರೆ ಆ 12 ಲಕ್ಷ ಹುಟ್ಟುವುದೇ ಇಲ್ಲ.

"ಇಷ್ಟೊಂದು ದಂಡ ಕೋರ್ಟಿನಲ್ಲಿ ನಿಲ್ಲಲ್ಲ" ಅಂತ ಯಾರಾದರೂ ಧೈರ್ಯ ಹೇಳಿದರೆ ನಂಬಿಕೊಂಡು ಸಹಿ ಹಾಕಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಎಷ್ಟೇ ಬರೆದಿದ್ದರೂ ನ್ಯಾಯಾಲಯ ಅದರೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ, ನಿಜ. ಆದರೆ ಅದೇ ಕಲಮಿನ ಕೆಳಗೆ ಒಂದು ವಿನಾಯಿತಿ ಇದೆ: ಕಾನೂನಿನಡಿ ಅಥವಾ ಸರ್ಕಾರದ ಆದೇಶದಡಿ, ಸಾರ್ವಜನಿಕ ಕರ್ತವ್ಯಕ್ಕಾಗಿ ಬರೆದುಕೊಟ್ಟ ಬಾಂಡ್ ಮುರಿದರೆ ಪೂರ್ತಿ ಮೊತ್ತ ಕಟ್ಟಬೇಕು. ಸರ್ಕಾರದ ಜೊತೆಗಿನ ಒಪ್ಪಂದ ಎಂದ ಮಾತ್ರಕ್ಕೆ ಅದು ಸಾರ್ವಜನಿಕ ಕರ್ತವ್ಯ ಆಗಿಬಿಡುವುದಿಲ್ಲ ಅಂತಲೂ ಅಲ್ಲೇ ವಿವರಣೆ ಇದೆ, ಅಷ್ಟರ ಮಟ್ಟಿಗೆ ವಾದಕ್ಕೆ ಜಾಗವಿದೆ. ಇನ್ನು ಬಾಂಡೇ ಅಕ್ರಮ ಅನ್ನುವ ವಾದ ಹೂಡುವುದು ಕಷ್ಟ. ವೈದ್ಯಕೀಯ ಪಿಜಿ ಮತ್ತು ಸೂಪರ್ ಸ್ಪೆಷಾಲಿಟಿ ಸೀಟುಗಳ ಸೇವಾ ಬಾಂಡನ್ನು 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಪತ್ರ ಓದುವಾಗ ಸೇವೆ ಯಾವತ್ತಿನಿಂದ ಶುರು ಅನ್ನೋದನ್ನೂ ನೋಡಿ. ಫಲಿತಾಂಶ ಬಂದು ಇಷ್ಟು ತಿಂಗಳೊಳಗೆ ಸರ್ಕಾರ ಹುದ್ದೆ ತೋರಿಸದಿದ್ದರೆ ಬಾಂಡ್ ರದ್ದು ಎಂಬ ಮಾತು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೇಮಕಾತಿ ಆದೇಶಕ್ಕಾಗಿ ಕಾಯುತ್ತಾ ಕೂರಬೇಕಾಗುತ್ತದೆ, ಆ ಕಾಯುವಿಕೆ ಸೇವೆಯೊಳಗೆ ಲೆಕ್ಕಕ್ಕೆ ಬರುವುದೂ ಇಲ್ಲ. ಸೂಪರ್ ಸ್ಪೆಷಾಲಿಟಿಗೆ ಹೋಗುವ ಆಸೆ ಇದ್ದರೆ, ಸೇವೆಯನ್ನು ಮುಂದೂಡಲು ಅವಕಾಶ ಇದೆಯಾ ಅನ್ನುವುದೂ ಇಲ್ಲೇ ತಿಳಿಯಬೇಕು.

ಓದಿನ ನಡುವೆ ಸೀಟು ಬಿಟ್ಟರೆ ಕಟ್ಟುವ ದಂಡ ಬೇರೆ, ಸೇವೆ ಬಿಟ್ಟರೆ ಕಟ್ಟುವುದು ಬೇರೆ; ಎರಡೂ ಒಂದೇ ಪತ್ರದಲ್ಲಿ ಇರಬಹುದು.

ಜಾಮೀನುದಾರರ ಜಾಗದಲ್ಲಿ ಅಪ್ಪನ ಸಹಿ ಕೇಳುತ್ತಾರೆ. "ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ" ಅಂತಿದ್ದರೆ ತಂಗಿಯನ್ನು ಬಿಟ್ಟು ನೇರ ಅಪ್ಪನನ್ನೇ ಪೂರ್ತಿ ಮೊತ್ತಕ್ಕೆ ಹಿಡಿಯಬಹುದು. "ಭೂಕಂದಾಯದ ಬಾಕಿಯಂತೆ ವಸೂಲಿ" ಅಂತ ಸೇರಿಸಿದ್ದರೆ ತಹಶೀಲ್ದಾರ್ ಕಡೆಯಿಂದ ಆಸ್ತಿ ಜಪ್ತಿಯವರೆಗೂ ಹೋಗಬಹುದು. ಅಪ್ಪ ಈ ಎರಡು ಸಾಲನ್ನು ತಾವೇ ಓದಿ ಸಹಿ ಹಾಕಲಿ.

ಸೀಟು ಕರ್ನಾಟಕದ್ದಾದರೆ ಇನ್ನೊಂದು ವಿಷಯ. ಇಲ್ಲಿ ಕಡ್ಡಾಯ ಸೇವೆಗೆ 2012ರ ಪ್ರತ್ಯೇಕ ಕಾಯ್ದೆಯೇ ಇದೆ, ಆಮೇಲೆ ತಿದ್ದುಪಡಿಗಳೂ ಆಗಿವೆ. ಕಾಲೇಜಿನ ಬಾಂಡಿನಿಂದ ಬಿಡುಗಡೆ ಆದಳು ಅಂದ ಮಾತ್ರಕ್ಕೆ ಕಾಯ್ದೆಯ ಹೊಣೆ ಕಳಚುವುದಿಲ್ಲ. ಬಾಂಡಿನಲ್ಲಿ "ಕಾಲಕಾಲಕ್ಕೆ ಹೊರಡಿಸುವ ಸರ್ಕಾರಿ ಆದೇಶಗಳಿಗೆ ಬದ್ಧ" ಅಂತ ಒಂದು ಸಾಲು ಇದ್ದರೆ, ಈಗ ಜಾರಿಯಲ್ಲಿರುವ ಆದೇಶದ ಪ್ರತಿಯನ್ನು ಕೇಳಿ ತೆಗೆದುಕೊಂಡು ಪತ್ರದ ಜೊತೆ ಇಟ್ಟುಕೊಳ್ಳಿ. ಖಾಲಿ ಬಿಟ್ಟ ಮೊತ್ತ, ದಿನಾಂಕದ ಜಾಗ ತುಂಬಿಸದೆ ಸಹಿ ಬೇಡ. ನೋಟರಿ ಆದ ಮೇಲೆ ಪ್ರತಿ ಪುಟದ ಜೆರಾಕ್ಸ್ ಅವತ್ತೇ ಮಾಡಿಸಿ, ಮೂಲಪತ್ರ ಮತ್ತೆ ಕೈಗೆ ಸಿಗುವುದಿಲ್ಲ.