ಮಗಳ ಫೀಸ್ ವೈರ್ ಮಾಡುವಾಗ ದಾರಿಯಲ್ಲಿ 18 ಪೌಂಡ್ ಎಲ್ಲಿ ಹೋಯಿತು?

ಪ್ರಶ್ನೆ: ಮಗ ಯುಕೆಗೆ ಓದಲು ಹೊರಟಿದ್ದಾನೆ, ಡೆಪಾಸಿಟ್ ನಮ್ಮ ಬ್ಯಾಂಕಿನಿಂದ ವೈರ್ ಮಾಡಬೇಕು. ಫಾರ್ಮ್‌ನಲ್ಲಿ ಉದ್ದೇಶ ಏನಂತ ಬರೆಯೋದು? ಕಳಿಸಿದ್ದು ಪೂರ್ತಿ ಸೇರುತ್ತಾ? ಕಟ್ಟಿದ್ದಕ್ಕೆ ಯಾವ ದಾಖಲೆ ಕೇಳಿ ತಗೋಬೇಕು?

ನಾನು 2025ರ ಜೂನ್‌ನಲ್ಲಿ ಮಗಳಿಗೋಸ್ಕರ ಇದೇ ಕೆಲಸ ಮಾಡಿದೆ. ಮೊದಲ ಸಲ ಎಡವಿದೆ, ಎರಡನೇ ಸಲ ಸರಿಯಾಯಿತು.

ಉದ್ದೇಶದ ವಿಷಯ ಸುಲಭ. ಎ2 ಫಾರ್ಮ್‌ನಲ್ಲಿ ಪರ್ಪಸ್ ಕೋಡ್ S0305 ಹಾಕಿಸಿ. ಹೊರದೇಶಕ್ಕೆ ಹೋಗಿ ಓದುವವರ ಫೀಸು, ಹಾಸ್ಟೆಲ್ ಖರ್ಚು ಬರೋದು ಇದರಲ್ಲಿ. ಕೌಂಟರ್‌ನಲ್ಲಿ ಕೂತವರು ಅವಸರದಲ್ಲಿ S1302, ಅಂದರೆ ಗಿಫ್ಟ್, ಅಂತ ಹಾಕಿದರೆ ಹಣವೇನೋ ಹೋಗುತ್ತದೆ. ಆದರೆ ನಿಮ್ಮ ಪ್ಯಾನ್ ಮೇಲೆ ಆ ಹಣಕಾಸು ವರ್ಷದಲ್ಲಿ ಕಳಿಸಿದ್ದು ಒಟ್ಟು 10 ಲಕ್ಷ ದಾಟಿತು ಅಂದರೆ ಟಿಸಿಎಸ್, ಅಂದರೆ ಹಣ ಕಳಿಸುವಾಗ ಬ್ಯಾಂಕೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಕಡಿತವಾಗುತ್ತದೆ, ಆಗ ಓದಿನ ದರ ಬೇರೆ, ಗಿಫ್ಟಿನ ದರ ಬೇರೆ. ನಾನು ಕಳಿಸಿದ ವರ್ಷ ಓದಿಗೆ ಶೇ 5, ಗಿಫ್ಟಿಗೆ ಶೇ 20 ಇತ್ತು. ಬಜೆಟ್‌ನಲ್ಲಿ ಇದು ಬದಲಾಗುತ್ತಿರುತ್ತದೆ, ಈಗಿನ ದರ ಕೇಳಿಕೊಳ್ಳಿ. ಬ್ಯಾಂಕಿನ ಎಜುಕೇಶನ್ ಲೋನ್‌ನಿಂದ ಕಟ್ಟಿದರೆ ಟಿಸಿಎಸ್ ಇಲ್ಲ, ಸ್ಯಾಂಕ್ಷನ್ ಲೆಟರ್ ಕೊಡಬೇಕು ಅಷ್ಟೇ. ಭಾವಮೈದನ ಹತ್ತಿರ ತಂದ ಸಾಲ ಲೆಕ್ಕಕ್ಕೆ ಬರಲ್ಲ! ಕಡಿತವಾದದ್ದು ತೆರಿಗೆ ಇಲಾಖೆಯ 26ಎಎಸ್‌ನಲ್ಲಿ ಕಾಣಿಸುತ್ತದೆ, ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ನಾನು ಎಡವಿದ್ದು ಮುಂದಿನ ಸಾಲಿನಲ್ಲಿ. ಹೊರಗಿನ ಬ್ಯಾಂಕಿನ ಚಾರ್ಜ್ ಯಾರು ಕೊಡೋದು ಅಂತ ಒಂದು ಚೌಕ ಇರುತ್ತದೆ. ನಾನು ಅದನ್ನು ನೋಡಲೇ ಇಲ್ಲ, ಅವರು SHA ಅಂತ ಟಿಕ್ ಮಾಡಿದ್ದರು. ಅಂದರೆ ನಮ್ಮ ಬ್ಯಾಂಕಿನ ಚಾರ್ಜ್ ನಮಗೆ, ಉಳಿದದ್ದು ಪಡೆಯುವವರಿಗೆ. ನಮ್ಮ ಬ್ಯಾಂಕಿಗೂ ಅಲ್ಲಿನ ಬ್ಯಾಂಕಿಗೂ ನೇರ ಖಾತೆ ಇರಲಿಲ್ಲ, ಮಧ್ಯದಲ್ಲಿ ಇನ್ನೊಂದು ಬ್ಯಾಂಕ್ ಬಂತು, ಅದು ತನ್ನ ಪಾಲನ್ನು ನಮ್ಮ ಹಣದಿಂದಲೇ ಮುರಿದುಕೊಂಡಿತು. 5,000 ಪೌಂಡ್ ಕಳಿಸಿದರೆ ಯೂನಿವರ್ಸಿಟಿಗೆ ಸೇರಿದ್ದು 4,982. ಪೋರ್ಟಲ್‌ನಲ್ಲಿ 18 ಪೌಂಡ್ ಬಾಕಿ ಅಂತ ತೋರಿಸಿತು. ಡೆಪಾಸಿಟ್ ಪೂರ್ತಿ ಆಗದೆ ಸಿಎಎಸ್, ಅಂದರೆ ಸೀಟು ಖಚಿತ ಅಂತ ಯೂನಿವರ್ಸಿಟಿ ಕೊಡುವ ದೃಢೀಕರಣ, ಕೊಡಲ್ಲ ಅಂದರು, ಸಿಎಎಸ್ ಇಲ್ಲದೆ ವೀಸಾ ಅರ್ಜಿ ಹಾಕಲು ಆಗಲ್ಲ. ಆ 18 ಪೌಂಡನ್ನು ಮತ್ತೆ ವೈರ್ ಮಾಡಲು ಹೋದರೆ ಚಾರ್ಜೇ ಅದಕ್ಕಿಂತ ಜಾಸ್ತಿ ಆಗಬಹುದು, ಅದರಿಂದಲೂ ಮುರಿದುಕೊಂಡಾರು, ಅಲ್ವಾ? ಕೊನೆಗೆ ಪೋರ್ಟಲ್‌ನಲ್ಲೇ ಕಾರ್ಡ್‌ನಿಂದ ಕಟ್ಟಿದೆವು. ನೀವು OUR ಅಂತ ಟಿಕ್ ಮಾಡಿಸಿ, ಅಂದರೆ ಎಲ್ಲ ಬ್ಯಾಂಕಿನ ಚಾರ್ಜೂ ಕಳಿಸುವ ನಮಗೇ. ಸ್ವಲ್ಪ ಜಾಸ್ತಿ ಹಿಡಿಯುತ್ತಾರೆ, ಆದರೆ ಮುಂದಿನ ಕಂತು ಹಾಗೆ ಕಳಿಸಿದಾಗ ಪೂರ್ತಿ ಸೇರಿತು. ಅಮೆರಿಕಕ್ಕೆ ಕಳಿಸುವವರು ಮಾತ್ರ OUR ಹಾಕಿದರೂ ನೂರಕ್ಕೆ ನೂರು ನೆಚ್ಚಿಕೊಳ್ಳಬೇಡಿ, ಅಲ್ಲಿ ಕೆಲವು ಸಲ ಆಗಲೂ ಮುರಿಯುತ್ತಾರೆ.

ಇನ್ನು ದಾಖಲೆ. ಕೌಂಟರ್‌ನಲ್ಲಿ ಕೊಡುವ ಡೆಬಿಟ್ ಅಡ್ವೈಸ್ ಸಾಲದು. ಅದು ನಿಮ್ಮ ಖಾತೆಯಿಂದ ರೂಪಾಯಿ ಹೋಯಿತು ಅಂತ ಹೇಳುತ್ತದೆ, ಎಲ್ಲಿಗೆ ಹೋಯಿತು ಅಂತ ಹೇಳಲ್ಲ. "ಸ್ವಿಫ್ಟ್ ಕಾಪಿ ಕೊಡಿ" ಅಂತ ಬಾಯಿಬಿಟ್ಟು ಕೇಳಿ, ನಮ್ಮ ಬ್ಯಾಂಕ್ ಹೊರಗಿನ ಬ್ಯಾಂಕಿಗೆ ಕಳಿಸಿದ ಸಂದೇಶದ ಪ್ರತಿ ಅದು. ನನ್ನದರಲ್ಲಿ ಮುಖ್ಯ ಸಾಲುಗಳು ಹೀಗಿದ್ದವು (ಐಡಿ ಬದಲಿಸಿದ್ದೇನೆ):

```
:32A:250612GBP5000,00
:70:ID 20418873 TUITION DEPOSIT
:71A:SHA
```

ಮೊದಲ ಸಾಲು ದಿನಾಂಕ ಮತ್ತು ಮೊತ್ತ. ಇಲ್ಲಿ 5,000 ಇದೆ ಅಂತ ಅಲ್ಲಿ ಅಷ್ಟೇ ಸೇರಿತು ಅಂದುಕೊಳ್ಳಬೇಡಿ, ಇದು ಹೊರಟಾಗಿನ ಲೆಕ್ಕ. ದಾರಿಯಲ್ಲಿ ಮುರಿದದ್ದು ಕಳಿಸಿದವರ ಕಾಪಿಯಲ್ಲಿ ಕಾಣಲ್ಲ. ಎರಡನೆಯದರಲ್ಲಿ ಸ್ಟೂಡೆಂಟ್ ಐಡಿ ಮೊದಲು ಬರಲಿ, ಹಣ ಯಾರ ಹೆಸರಿಗೆ ಜಮಾ ಮಾಡಬೇಕು ಅಂತ ಅವರು ನೋಡೋದು ಅದನ್ನೇ. ಕಳಿಸುವ ಅಪ್ಪನ ಹೆಸರು, ಓದುವ ಮಗಳ ಹೆಸರು ಎರಡೂ ಬೇರೆ ಇರುತ್ತದಲ್ಲ. ಹೊಸ ಮಾದರಿಯ pacs.008 ಕಾಪಿ ಕೊಟ್ಟರೆ OUR ಬದಲು DEBT, SHA ಬದಲು SHAR ಅಂತ ಇರುತ್ತದೆ, ಗಾಬರಿ ಬೇಡ.

ಅದೇ ಕಾಪಿಯಲ್ಲಿ UETR ಅಂತ, ಹಣ ಎಲ್ಲಿದೆ ಅಂತ ಹುಡುಕಲು ಬಳಸುವ, ಅಡ್ಡಗೆರೆಗಳಿರುವ 36 ಅಕ್ಷರದ ಉದ್ದ ನಂಬರ್ ಇರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮೂರ್ನಾಲ್ಕು ಕೆಲಸದ ದಿನ ಕಳೆದರೂ ಪೋರ್ಟಲ್‌ನಲ್ಲಿ ಬರದಿದ್ದರೆ ಸುಮ್ನೆ ಕಾಯಬೇಡಿ. ಆ ನಂಬರ್ ಹಿಡಿದು ಬ್ಯಾಂಕಿನವರಿಗೆ ಟ್ರೇಸ್ ಹಾಕಲು ಹೇಳಿ. ಕಾಪಿಯನ್ನು ಯೂನಿವರ್ಸಿಟಿಯ ಫೀಸ್ ಆಫೀಸಿಗೂ ಮಗನ ಕಾಲೇಜ್ ಮೇಲ್‌ನಿಂದಲೇ ಕಳಿಸಿ. ನನ್ನ ಜಿಮೇಲ್‌ನಿಂದ ಕಳಿಸಿದ್ದಕ್ಕೆ ವಿದ್ಯಾರ್ಥಿಯ ಮಾಹಿತಿ ಬೇರೆಯವರಿಗೆ ಕೊಡಲ್ಲ ಅಂತ ಉತ್ತರ ಬಂದಿತ್ತು.